ಉಳಿದ ಕ್ರೆಡಿಟ್‌ಗಳಲ್ಲಿ ಎಷ್ಟು ಬಂದರೆ ಫೀ ವಿನಾಯಿತಿ ಉಳಿಯುತ್ತದೆ?

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂದಿನ ಮಾತೆಲ್ಲ ಒಂದೇ ಲೆಕ್ಕದ ಸುತ್ತ. ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದುಕೊಳ್ಳೋಣ. ಕಾಲೇಜಿನ ಟ್ರಸ್ಟ್ ಅವಳ ಬೋಧನಾ ಶುಲ್ಕ ಮನ್ನಾ ಮಾಡಿದೆ. ಕೊಟ್ಟ ಪತ್ರದಲ್ಲಿ ಒಂದು ಷರತ್ತು ಇದೆ: ಪ್ರತಿ ಶೈಕ್ಷಣಿಕ ವರ್ಷ ಕನಿಷ್ಠ ಶೇ. 75 ಗಳಿಸಬೇಕು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು, ಎಸ್‌ಜಿಪಿಎ 7.40. ಎರಡನೇ ಸೆಮಿಸ್ಟರಿನಲ್ಲಿ ಎಷ್ಟು ಬರಬೇಕು?

ಮನೆಯಲ್ಲಿ ಸಾಮಾನ್ಯವಾಗಿ ಬರುವ ಉತ್ತರ: "74 ಬಂದಿದೆ, 75 ಬೇಕು, ಮುಂದಿನದರಲ್ಲಿ 76 ತೆಗೆದರೆ ಸರಿಹೋಯಿತು." ಈ ಉತ್ತರ ಸರಿಯಾಗಲೂಬಹುದು, ಪೂರ್ತಿ ತಪ್ಪಾಗಲೂಬಹುದು. ಎರಡರಲ್ಲಿ ಯಾವುದು ಎನ್ನುವುದು ಅವಳ ಓದಿನ ಮೇಲೆ ನಿಂತಿಲ್ಲ, ಪತ್ರದಲ್ಲಿರುವ "ಶೇ. 75" ಎಂಬ ಮಾತನ್ನು ಕಚೇರಿ ಹೇಗೆ ಲೆಕ್ಕ ಹಾಕುತ್ತದೆ ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಮೊದಲು ಲೆಕ್ಕದ ಮೂಲ ಸೂತ್ರ, ಆಮೇಲೆ ಆ ಮಾತಿನ ಅರ್ಥ.

ಎಐಸಿಟಿಇ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷದ ಬಿ.ಇ.ಗೆ 160 ಕ್ರೆಡಿಟ್. ಸರಾಸರಿ ಹಿಡಿದರೆ ವರ್ಷಕ್ಕೆ 40, ಸೆಮಿಸ್ಟರಿಗೆ 20. ಪ್ರತಿ ವಿಷಯದಲ್ಲಿ ಬಂದ ಗ್ರೇಡ್ ಪಾಯಿಂಟನ್ನು ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಿದರೆ ಕ್ರೆಡಿಟ್ ಪಾಯಿಂಟ್ ಸಿಗುತ್ತದೆ. ಎಲ್ಲ ವಿಷಯಗಳ ಕ್ರೆಡಿಟ್ ಪಾಯಿಂಟ್ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ನಮಗೆ ಬೇಕಾದದ್ದು ಈ ಲೆಕ್ಕದ ಹಿಮ್ಮುಖ ನಡಿಗೆ:

```
ಬೇಕಾದ ಸರಾಸರಿ = (ಗುರಿ × ವರ್ಷದ ಕ್ರೆಡಿಟ್ − ಈವರೆಗಿನ ಕ್ರೆಡಿಟ್ ಪಾಯಿಂಟ್) ÷ ಉಳಿದ ಕ್ರೆಡಿಟ್
```

ನಮ್ಮ ವಿದ್ಯಾರ್ಥಿನಿಗೆ ಹಾಕಿ ನೋಡಿ. ಮೊದಲ ಸೆಮಿಸ್ಟರಿನಲ್ಲಿ 20 ಕ್ರೆಡಿಟ್‌ಗೆ 7.40, ಅಂದರೆ ಕೈಯಲ್ಲಿ 148 ಕ್ರೆಡಿಟ್ ಪಾಯಿಂಟ್. ಗುರಿ 7.50 ಆದರೆ ವರ್ಷಕ್ಕೆ 40 × 7.50, ಅಂದರೆ 300 ಬೇಕು. ಉಳಿದದ್ದು 152. ಅದನ್ನು 20ರಿಂದ ಭಾಗಿಸಿದರೆ 7.60. ಮನೆಯವರ ಉತ್ತರ ಇಲ್ಲಿಯವರೆಗೆ ಸರಿ.

ಈಗ ಪತ್ರದ ವಿಷಯ. ಗ್ರೇಡ್ ಪಾಯಿಂಟನ್ನು ಶೇಕಡಾವಾರಿಗೆ ತರಲು ನಮ್ಮಲ್ಲಿ ಎರಡು ರೀತಿ ಹೆಚ್ಚು ಬಳಕೆಯಲ್ಲಿವೆ. ಒಂದು, ನೇರವಾಗಿ 10ರಿಂದ ಗುಣಿಸುವುದು. ಇನ್ನೊಂದು, 0.75 ಕಳೆದು ಆಮೇಲೆ 10ರಿಂದ ಗುಣಿಸುವುದು. ಎಐಸಿಟಿಇ ತನ್ನ ಅನುಮೋದನಾ ಕೈಪಿಡಿಯಲ್ಲಿ ಕೊಟ್ಟ ಕೋಷ್ಟಕ ಈ ಎರಡನೆಯ ರೀತಿಯದು. ಅದರಲ್ಲಿ 6.25ಕ್ಕೆ ಶೇ. 55, 6.75ಕ್ಕೆ ಶೇ. 60, 7.75ಕ್ಕೆ ಶೇ. 70, 8.25ಕ್ಕೆ ಶೇ. 75. ಕಾಲೇಜಿನ ಕಚೇರಿ ಈ ರೀತಿ ಹಿಡಿದರೆ ಅವಳ ಗುರಿ 7.50 ಅಲ್ಲ, 8.25. ವರ್ಷಕ್ಕೆ 330 ಬೇಕು. ಅದರಿಂದ 148 ಕಳೆದರೆ 182. 20 ಕ್ರೆಡಿಟ್‌ಗೆ ಹಂಚಿದರೆ 9.10.

ಅದೇ ಮಾರ್ಕ್ಸ್ ಕಾರ್ಡ್, ಅದೇ ಶೇ. 75. ಒಂದು ಕಡೆ 7.60, ಇನ್ನೊಂದು ಕಡೆ 9.10. ಎರಡನೆಯದು ಎಷ್ಟು ಕಷ್ಟ ಎಂದರೆ, ಅವಳು ಪ್ರತಿಯೊಂದು ವಿಷಯದಲ್ಲೂ 80 ದಾಟಿ 9 ಪಾಯಿಂಟ್ ತೆಗೆದರೂ 180 ಆಗುತ್ತದೆ, ಇನ್ನೂ 2 ಸಾಲದು. ಎಲ್ಲ ಕಡೆ 9 ಬಂದ ಮೇಲೂ ಕನಿಷ್ಠ 2 ಕ್ರೆಡಿಟ್‌ನಷ್ಟು ವಿಷಯಗಳಲ್ಲಿ 90 ಮುಟ್ಟಲೇಬೇಕು.

0.75 ಕಳೆಯುವುದು ಅನ್ಯಾಯ ಎಂದು ಅನೇಕರಿಗೆ ಅನಿಸುತ್ತದೆ. ಆದರೆ ಅದಕ್ಕೊಂದು ಕಾರಣವಿದೆ. 70ರಿಂದ 79ರ ನಡುವೆ ಎಷ್ಟೇ ಅಂಕ ಬಂದರೂ ಗ್ರೇಡ್ ಪಾಯಿಂಟ್ 8. ಅದನ್ನು 10ರಿಂದ ಗುಣಿಸಿದರೆ ಶೇ. 80. ಆ ಗುಂಪಿನಲ್ಲಿ ಯಾರಿಗೂ 80 ಬಂದಿಲ್ಲ, 70 ಬಂದವರಿಗೂ ಕಾಗದದ ಮೇಲೆ 80 ಸಿಕ್ಕಂತಾಯಿತು. 0.75 ಕಳೆದರೆ 72.5, ಅದು ನಿಜವಾದ ಅಂಕಗಳ ಹತ್ತಿರಕ್ಕೆ ಬರುತ್ತದೆ. ಇನ್ನು ಕೆಲವು ಕಡೆ ಗ್ರೇಡ್ ಬಿಟ್ಟು ನೇರವಾಗಿ ಒಟ್ಟು ಅಂಕಗಳ ಶೇಕಡಾವಾರು ಕೇಳುತ್ತಾರೆ. ಆಗ ಕ್ರೆಡಿಟ್‌ಗೂ ಬೆಲೆ ಇರುವುದಿಲ್ಲ. 100 ಅಂಕದ 1 ಕ್ರೆಡಿಟ್ ವಿಷಯವೂ 100 ಅಂಕದ 4 ಕ್ರೆಡಿಟ್ ವಿಷಯವೂ ಒಂದೇ ತೂಕ. ನಿಮ್ಮ ಪತ್ರ ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಮುಂದಿನ ಯಾವ ಲೆಕ್ಕವೂ ಬೇಡ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಇ-ಮೇಲ್‌ನಲ್ಲಿ ಕೇಳಿ ಉತ್ತರ ತೆಗೆದಿಟ್ಟುಕೊಳ್ಳಿ.

ಪತ್ರದಲ್ಲಿ ನೋಡಬೇಕಾದ ಇನ್ನೊಂದು ಮಾತು "ಪ್ರತಿ ವರ್ಷ". ಪ್ರತಿ ವರ್ಷ ಆ ವರ್ಷದ ಶೇಕಡಾವಾರು ನೋಡುತ್ತಾರೋ, ಅಥವಾ ಪ್ರತಿ ವರ್ಷದ ಕೊನೆಗೆ ಅಲ್ಲಿಯವರೆಗಿನ ಸಿಜಿಪಿಎ ನೋಡುತ್ತಾರೋ? ಎರಡನೇ ವರ್ಷಕ್ಕೆ ಬಂದಾಗ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಒಬ್ಬನಿಗೆ ಮೊದಲ ವರ್ಷ 40 ಕ್ರೆಡಿಟ್‌ಗೆ 8.00 ಬಂದಿದೆ, ಅಂದರೆ 320 ಪಾಯಿಂಟ್. ಮೂರನೇ ಸೆಮಿಸ್ಟರಿನಲ್ಲಿ ಬಿದ್ದು 20 ಕ್ರೆಡಿಟ್‌ಗೆ 6.90, ಅಂದರೆ 138. ಗುರಿ 7.50 ಇರಲಿ. ಸಿಜಿಪಿಎ ನೋಡುವುದಾದರೆ 80 ಕ್ರೆಡಿಟ್‌ಗೆ 600 ಬೇಕು, ಕೈಯಲ್ಲಿ 458 ಇದೆ, ಉಳಿದ 142ನ್ನು 20ರಿಂದ ಭಾಗಿಸಿದರೆ 7.10. ಆ ವರ್ಷದ್ದು ಮಾತ್ರ ನೋಡುವುದಾದರೆ ಹಿಂದಿನ 320ಕ್ಕೆ ಬೆಲೆಯಿಲ್ಲ. 300ರಿಂದ 138 ಕಳೆದು 162, ಅಂದರೆ 8.10. ಪೂರ್ತಿ ಒಂದು ಗ್ರೇಡಿನ ಅಂತರ. ವರ್ಷ ವರ್ಷದ ಷರತ್ತು ಇದ್ದವರಿಗೆ ಮೊದಲ ವರ್ಷದ ಉಳಿತಾಯ ಎರಡನೇ ವರ್ಷಕ್ಕೆ ದಾಟುವುದಿಲ್ಲ. ಹಾಗೆಯೇ ಮೊದಲ ವರ್ಷದ ಕೊರತೆಯೂ ದಾಟುವುದಿಲ್ಲ, ಅದೊಂದು ಸಮಾಧಾನ.

ಸಭೆಯಲ್ಲಿ ಪೋಷಕರೊಬ್ಬರು ಕೇಳಿದರು: "ಎರಡು ಎಸ್‌ಜಿಪಿಎ ಕೂಡಿಸಿ ಎರಡರಿಂದ ಭಾಗಿಸಿದರೆ ಆಗುವುದಿಲ್ಲವೇ?" ಎರಡೂ ಸೆಮಿಸ್ಟರಿನಲ್ಲಿ ಕ್ರೆಡಿಟ್ ಸಮ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಇಲ್ಲ. ಒಂದರಲ್ಲಿ 18, ಇನ್ನೊಂದರಲ್ಲಿ 22 ಕ್ರೆಡಿಟ್ ಇದೆ ಎನ್ನಿ. ಮೊದಲನೆಯದರಲ್ಲಿ 8.00, ಎರಡನೆಯದರಲ್ಲಿ 7.00. ಕೂಡಿಸಿ ಭಾಗಿಸಿದರೆ ಸರಿಯಾಗಿ 7.50, ವಿನಾಯಿತಿ ಉಳಿಯಿತು ಎಂದು ಮನೆಯಲ್ಲಿ ಸಿಹಿ ಹಂಚಿಯಾಗಿರುತ್ತದೆ. ಆದರೆ ನಿಜವಾದ ಲೆಕ್ಕ 144 ಮತ್ತು 154 ಸೇರಿ 298, ಅದನ್ನು 40ರಿಂದ ಭಾಗಿಸಿದರೆ 7.45. ವಿನಾಯಿತಿ ಹೋಯಿತು. ಕ್ರೆಡಿಟ್ ಹೆಚ್ಚಿದ್ದ ಸೆಮಿಸ್ಟರಿನಲ್ಲೇ ಕಡಿಮೆ ಬಂದಿದ್ದು ಇದಕ್ಕೆ ಕಾರಣ.

ಅದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ, ದಶಮಾಂಶದ ರೌಂಡಿಂಗ್. ಎಸ್‌ಜಿಪಿಎ, ಸಿಜಿಪಿಎಗಳನ್ನು ಎರಡು ದಶಮಾಂಶಕ್ಕೆ ತರಬೇಕು ಎನ್ನುತ್ತದೆ ಯುಜಿಸಿ ಮಾರ್ಗಸೂಚಿ. ಆದರೆ 40 ಕ್ರೆಡಿಟ್‌ನ ವರ್ಷದಲ್ಲಿ ಅದರಿಂದ ಯಾರಿಗೂ ಲಾಭವಿಲ್ಲ. ಒಂದೇ ಒಂದು ಪಾಯಿಂಟ್ ಕಡಿಮೆ ಬಿದ್ದರೆ 299 ÷ 40 = 7.475, ಎರಡು ದಶಮಾಂಶಕ್ಕೆ 7.48. ಶೇ. 74.8 ಎಂದಾಯಿತು. ಅದನ್ನು 75 ಎಂದು ಪೂರ್ಣಾಂಕಕ್ಕೆ ಏರಿಸುವುದು ಕಚೇರಿಯ ಮರ್ಜಿ, ಪತ್ರದಲ್ಲಿ ಬರೆದಿಲ್ಲದಿದ್ದರೆ ಅದನ್ನು ನಂಬಿ ಕೂರಬೇಡಿ.

ಈಗ ಮುಖ್ಯ ಭಾಗಕ್ಕೆ ಬರೋಣ. 7.60 ಬೇಕು ಎಂದು ಗೊತ್ತಾಯಿತು. ಅದನ್ನು ವಿಷಯಗಳಿಗೆ ಹಂಚುವುದು ಹೇಗೆ? 7.60 ಎಂಬ ಗ್ರೇಡ್ ಪಾಯಿಂಟ್ ಯಾವ ವಿಷಯದಲ್ಲೂ ಸಿಗುವುದಿಲ್ಲ. 7 ಸಿಗುತ್ತದೆ, 8 ಸಿಗುತ್ತದೆ. ಆದ್ದರಿಂದ ಸರಾಸರಿಯನ್ನು ಬಿಟ್ಟು 152 ಪಾಯಿಂಟ್ ಎಂದೇ ಹಿಡಿದುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ.

ಎರಡನೇ ಸೆಮಿಸ್ಟರಿನಲ್ಲಿ ಗಣಿತ 4 ಕ್ರೆಡಿಟ್, ರಸಾಯನಶಾಸ್ತ್ರ 4, ಮೂರು ಎಂಜಿನಿಯರಿಂಗ್ ವಿಷಯಗಳು ತಲಾ 3, ಇಂಗ್ಲಿಷಿನಂಥ ಸಣ್ಣ ವಿಷಯಗಳು ಮೂರು, ತಲಾ 1 ಕ್ರೆಡಿಟ್ ಇದೆ ಎಂದಿಟ್ಟುಕೊಳ್ಳಿ. ಒಟ್ಟು 20. ಗ್ರೇಡಿನ ಮೆಟ್ಟಿಲುಗಳು ಹೀಗೆ: 90ರ ಮೇಲೆ 10, 80ರ ಮೇಲೆ 9, 70ರ ಮೇಲೆ 8, 60ರ ಮೇಲೆ 7, 55ರ ಮೇಲೆ 6, 50ರ ಮೇಲೆ 5, 40ರ ಮೇಲೆ 4. ಪ್ರತಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಇಂಟರ್ನಲ್ಸ್‌ಗೆ, 50 ಸೆಮಿಸ್ಟರ್ ಪರೀಕ್ಷೆಗೆ. ಪರೀಕ್ಷೆ 100 ಅಂಕಕ್ಕೆ ನಡೆದು ಅರ್ಧಕ್ಕೆ ಇಳಿಯುತ್ತದೆ.

ಸಣ್ಣ ವಿಷಯಗಳನ್ನು ಮೊದಲು ಬದಿಗಿಡಿ. ಅವುಗಳಲ್ಲಿ ಸಾಮಾನ್ಯವಾಗಿ ಒಳ್ಳೆಯ ಅಂಕ ಬರುತ್ತದೆ, ತಲಾ 9 ಹಿಡಿದರೆ 27 ಪಾಯಿಂಟ್. ಉಳಿದ 125 ಪಾಯಿಂಟ್ ಐದು ದೊಡ್ಡ ವಿಷಯಗಳಿಂದ ಬರಬೇಕು. ಗಣಿತದಲ್ಲಿ ಒಂದು ಮೆಟ್ಟಿಲು ಹತ್ತಿದರೆ 4 ಪಾಯಿಂಟ್, ಇಂಗ್ಲಿಷಿನಲ್ಲಿ ಹತ್ತಿದರೆ 1. ಇಂಗ್ಲಿಷಿನಲ್ಲಿ 89 ಇದ್ದದ್ದನ್ನು 90 ಮಾಡಲು ವಾರಗಟ್ಟಲೆ ಕೂರುವವರಿದ್ದಾರೆ. ಅದು ವಿನಾಯಿತಿಯ ಲೆಕ್ಕದಲ್ಲಿ ತೀರಾ ಕಡಿಮೆ ಲಾಭದ ಮೆಟ್ಟಿಲು.

ಹಂಚುವ ಕೆಲಸಕ್ಕೆ ಸರಿಯಾದ ಹೊತ್ತು ಇಂಟರ್ನಲ್ಸ್ ಅಂಕ ಕೈಗೆ ಬಂದ ದಿನ. ಅಷ್ಟರಲ್ಲಿ ಅರ್ಧ ಅಂಕ ತೀರ್ಮಾನವಾಗಿರುತ್ತದೆ, "ಉಳಿದದ್ದು" ಎಂದರೆ ಇನ್ನು ಪರೀಕ್ಷೆ ಮಾತ್ರ. ಅವಳ ಇಂಟರ್ನಲ್ಸ್ ಹೀಗಿರಲಿ: ಗಣಿತ 38, ರಸಾಯನಶಾಸ್ತ್ರ 41, ಮೂರು 3 ಕ್ರೆಡಿಟ್ ವಿಷಯಗಳಲ್ಲಿ 43, 40, 35.

ಪ್ರತಿ ವಿಷಯಕ್ಕೂ ಕೇಳಬೇಕಾದದ್ದು: ಮುಂದಿನ ಮೆಟ್ಟಿಲಿಗೆ ಪರೀಕ್ಷೆಯಲ್ಲಿ ಎಷ್ಟು ಬೇಕು? ಮೆಟ್ಟಿಲಿನ ಅಂಕದಿಂದ ಇಂಟರ್ನಲ್ಸ್ ಕಳೆದು ಎರಡರಿಂದ ಗುಣಿಸಿ. ಗಣಿತದಲ್ಲಿ 60 ಮುಟ್ಟಲು 60ರಿಂದ 38 ಕಳೆದು 22, ಎರಡರಷ್ಟು ಮಾಡಿದರೆ 44. ಅದೇ 70 ಮುಟ್ಟಲು 64 ಬೇಕು. ರಸಾಯನಶಾಸ್ತ್ರದಲ್ಲಿ 70 ಮುಟ್ಟಲು 58 ಸಾಕು, 80 ಮುಟ್ಟಲು 78 ಬೇಕು. 43 ಇಂಟರ್ನಲ್ಸ್ ಇರುವ ವಿಷಯದಲ್ಲಿ 70ಕ್ಕೆ 54. 40 ಇರುವುದರಲ್ಲಿ 70ಕ್ಕೆ 60. 35 ಇರುವುದರಲ್ಲಿ 70ಕ್ಕೆ 70, ಆದರೆ 60ಕ್ಕೆ 50 ಸಾಕು.

ಈಗ ಅಗ್ಗದ ಮೆಟ್ಟಿಲುಗಳನ್ನು ಆರಿಸಿ. ಗಣಿತದಲ್ಲಿ 7, ರಸಾಯನಶಾಸ್ತ್ರದಲ್ಲಿ 8, ಮೂರು ವಿಷಯಗಳಲ್ಲಿ ಕ್ರಮವಾಗಿ 8, 8, 7. ಪಾಯಿಂಟ್ ಲೆಕ್ಕ: 28, 32, 24, 24, 21, ಒಟ್ಟು 129. ಸಣ್ಣ ವಿಷಯಗಳ 27 ಸೇರಿ 156. ಬೇಕಾದದ್ದು 152, ಆದ್ದರಿಂದ 4 ಪಾಯಿಂಟ್ ಮೀಸಲು ಉಳಿಯಿತು. 4 ಏಕೆ ಬೇಕು? ಅತಿ ದೊಡ್ಡ ವಿಷಯ ಒಂದು ಮೆಟ್ಟಿಲು ಜಾರಿದರೆ ಕಳೆದುಹೋಗುವುದು 4. ಈ ಮೀಸಲು ಇದ್ದರೆ ಯಾವುದಾದರೂ ಒಂದು ವಿಷಯ ಒಂದು ಮೆಟ್ಟಿಲು ಕೆಳಗಿಳಿದರೂ ವಿನಾಯಿತಿ ಉಳಿಯುತ್ತದೆ. ಸರಿಯಾಗಿ 152ಕ್ಕೆ ಯೋಜನೆ ಹಾಕುವವರಿಗೆ ಈ ರಕ್ಷಣೆ ಇಲ್ಲ, ಒಂದು ಕಠಿಣ ಪ್ರಶ್ನೆಪತ್ರಿಕೆ ಸಾಕು.

ಪರೀಕ್ಷೆಯಲ್ಲಿ ಬೇಕಾದ ಅಂಕಗಳನ್ನು ಮತ್ತೆ ನೋಡಿ: 44, 58, 54, 60, 50. ಮನೆಯಲ್ಲಿ ಎಲ್ಲರೂ "76 ತೆಗೆಯಬೇಕು" ಎಂದು ಹೆದರಿ ಕೂತಿದ್ದರು. ಇಂಟರ್ನಲ್ಸ್ ಚೆನ್ನಾಗಿದ್ದರೆ ಪರೀಕ್ಷೆಯ ಹೊರೆ ಇಷ್ಟು ಇಳಿಯುತ್ತದೆ. ಇಂಟರ್ನಲ್ಸ್‌ನಲ್ಲಿ ಬಿಟ್ಟ ಪ್ರತಿ ಅಂಕಕ್ಕೆ ಪರೀಕ್ಷೆಯಲ್ಲಿ ಎರಡು ಅಂಕ ತೆರಬೇಕು. ಅಸೈನ್‌ಮೆಂಟ್ ತಡವಾಗಿ ಕೊಟ್ಟು 3 ಅಂಕ ಕಳೆದುಕೊಂಡರೆ ಪರೀಕ್ಷೆಯಲ್ಲಿ 6 ಅಂಕದ ಪ್ರಶ್ನೆ ಹೆಚ್ಚಿಗೆ ಬರೆಯಬೇಕು. ಒಂದು ಎಚ್ಚರಿಕೆ: ಈ ಅಂಕಗಳು ಮೆಟ್ಟಿಲಿನ ಅಂಚು. ಮೌಲ್ಯಮಾಪನದಲ್ಲಿ ಐದಾರು ಅಂಕ ಆಚೀಚೆ ಆಗುವುದು ಮಾಮೂಲು, ಆದ್ದರಿಂದ ತಯಾರಿಯನ್ನು ಅದಕ್ಕಿಂತ 8–10 ಅಂಕ ಮೇಲೆ ಇಟ್ಟುಕೊಳ್ಳಿ. 59 ಬಂದರೆ ಅರ್ಧ 29.5, ಅದನ್ನು 30 ಮಾಡಿಯೇ ಮಾಡುತ್ತಾರೆ ಎಂದು ಅಂದಾಜಿನ ಮೇಲೆ ನಡೆಯಬೇಡಿ.

ಈ ಯೋಜನೆಯಲ್ಲಿ ನಿಜವಾದ ಅಪಾಯ ಗಣಿತದಲ್ಲಿದೆ, ಅಲ್ಲಿ ಗುರಿ ಬರೀ 44 ಎನ್ನುವ ಕಾರಣಕ್ಕೇ. ಬಹಳ ಕಡೆ ಇಂಟರ್ನಲ್ಸ್ ಎಷ್ಟೇ ಇದ್ದರೂ ಸೆಮಿಸ್ಟರ್ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಒಂದು ಕನಿಷ್ಠ ಬೇಕು. ಅದು ಶೇ. 35 ಇದೆ ಎನ್ನಿ. ಗಣಿತದಲ್ಲಿ 34 ಬಂದರೆ ಅರ್ಧ 17, ಇಂಟರ್ನಲ್ಸ್ 38 ಸೇರಿ 55. ನೋಡಲು 6 ಪಾಯಿಂಟ್ ಬರಬೇಕಾದ ಅಂಕ. ಆದರೆ ಪರೀಕ್ಷೆಯ ಕನಿಷ್ಠ ಮುಟ್ಟದ ಕಾರಣ ಗ್ರೇಡ್ ಎಫ್, ಪಾಯಿಂಟ್ ಸೊನ್ನೆ. ಸೊನ್ನೆ ಬಂದರೂ ಆ 4 ಕ್ರೆಡಿಟ್ ಛೇದದಿಂದ ಹೋಗುವುದಿಲ್ಲ, ಏಕೆಂದರೆ ಎಸ್‌ಜಿಪಿಎ ಲೆಕ್ಕಕ್ಕೆ ತೆಗೆದುಕೊಂಡ ಎಲ್ಲ ವಿಷಯಗಳ ಕ್ರೆಡಿಟ್ ಬರುತ್ತದೆ. 156 ಇದ್ದದ್ದು 128ಕ್ಕೆ ಇಳಿಯಿತು, ಎಸ್‌ಜಿಪಿಎ 6.40. ಒಂದು ಮೆಟ್ಟಿಲು ಜಾರಿದರೆ 4 ಹೋಗುತ್ತದೆ, ಫೇಲಾದರೆ ಒಮ್ಮೆಗೇ 28. ಇದನ್ನು ಯಾವ ಮೀಸಲೂ ತುಂಬುವುದಿಲ್ಲ. ಆದ್ದರಿಂದ ಓದುವ ಸಮಯ ಹಂಚುವಾಗ ಪಾಸಾಗುವುದೇ ಅನುಮಾನ ಇರುವ ವಿಷಯಕ್ಕೆ ಮೊದಲ ಪಾಲು, ಎಂಟನ್ನು ಒಂಬತ್ತು ಮಾಡುವ ಆಸೆಗೆ ಕೊನೆಯ ಪಾಲು. 60ರಿಂದ 50ರವರೆಗೆ ಇಳಿಯುವಾಗ ಮೆಟ್ಟಿಲುಗಳು ಐದೈದು ಅಂಕಕ್ಕೇ ಇರುವುದನ್ನೂ ಗಮನಿಸಿ. 60 ಬಂದರೆ 7, 49 ಬಂದರೆ 4. ಹನ್ನೊಂದು ಅಂಕದಲ್ಲಿ ಮೂರು ಮೆಟ್ಟಿಲು.

ಬ್ಯಾಕ್‌ಲಾಗ್ ಆಮೇಲೆ ತೆಗೆದರೆ ಸಿಜಿಪಿಎ ಸರಿಹೋಗುತ್ತದೆ ನಿಜ. ಆದರೆ ವಿನಾಯಿತಿ ನವೀಕರಣ ನೋಡುವ ದಿನ ಆ ಫಲಿತಾಂಶ ಬಂದಿರುತ್ತದೆಯೇ, ಮತ್ತು "ಮೊದಲ ಪ್ರಯತ್ನದಲ್ಲೇ" ಎಂಬ ಮಾತು ಪತ್ರದಲ್ಲಿ ಇದೆಯೇ ಎನ್ನುವುದು ಬೇರೆ ಪ್ರಶ್ನೆ. ಹಾಜರಾತಿಯ ಷರತ್ತನ್ನೂ ಮರೆಯಬೇಡಿ. ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನದ ನವೀಕರಣಕ್ಕೆ ಶೇ. 50 ಅಂಕದ ಜೊತೆಗೆ ಶೇ. 75 ಹಾಜರಾತಿಯೂ ಬೇಕು. ಅಂಕದ ಲೆಕ್ಕ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಎಡವಿದರೆ ಉಪಯೋಗವಿಲ್ಲ.

ಫೋನಿನ ಶೀಟ್‌ನಲ್ಲಿ ಇದನ್ನು ಹಾಕಿಟ್ಟುಕೊಳ್ಳಬಹುದು. ಮುಗಿದ ಎಂಟು ವಿಷಯಗಳ ಕ್ರೆಡಿಟ್ ಬಿ ಕಾಲಮ್ಮಿನಲ್ಲಿ, ಗ್ರೇಡ್ ಪಾಯಿಂಟ್ ಸಿ ಕಾಲಮ್ಮಿನಲ್ಲಿ, ಎರಡನೇ ಸಾಲಿನಿಂದ ಬರೆಯಿರಿ. ಗುರಿ 7.5, ವರ್ಷದ ಕ್ರೆಡಿಟ್ 40, ಉಳಿದದ್ದು 20 ಆದರೆ:

```
=(7.5*40-SUMPRODUCT(B2:B9,C2:C9))/20
```

ನಿಮ್ಮ ಪತ್ರದ ರೀತಿ 0.75 ಕಳೆಯುವುದಾದರೆ 7.5 ಇರುವಲ್ಲಿ 8.25 ಹಾಕಿ. ಕ್ರೆಡಿಟ್ ಇಲ್ಲದ ಕಡ್ಡಾಯ ವಿಷಯಗಳನ್ನು, ಉದಾಹರಣೆಗೆ ಯೋಗ, ಎನ್‌ಎಸ್‌ಎಸ್, ಸೊನ್ನೆ ಕ್ರೆಡಿಟ್ ಎಂದೇ ಬರೆಯಿರಿ. ಅವನ್ನು 1 ಎಂದು ಹಾಕಿ ಲೆಕ್ಕ ಕೆಡಿಸಿಕೊಂಡವರು ಬಹಳ ಜನ.

ಉತ್ತರ 10 ದಾಟಿದರೆ? 8.25ರ ಗುರಿಯಲ್ಲಿ ಮೊದಲ ಸೆಮಿಸ್ಟರ್ 6.00 ಬಂದವರಿಗೆ 330ರಿಂದ 120 ಕಳೆದು 210 ಬೇಕು, ಸರಾಸರಿ 10.5. ಅಸಾಧ್ಯ. ಅದೇ ಗುರಿಗೆ ಮೊದಲ ಸೆಮಿಸ್ಟರಿನಲ್ಲಿ ಕನಿಷ್ಠ 6.50 ಇದ್ದರೆ ಮಾತ್ರ ಕಾಗದದ ಮೇಲಾದರೂ ದಾರಿ ಉಳಿಯುತ್ತದೆ, ಅದೂ ಮುಂದಿನದರಲ್ಲಿ ಎಲ್ಲದರಲ್ಲೂ 10 ಬಂದರೆ. ಹೀಗಿದ್ದಾಗ ಕೊನೆಯ ತನಕ ಕಾಯುವುದರಲ್ಲಿ ಅರ್ಥವಿಲ್ಲ. ಮೊದಲು ಮಾಡಬೇಕಾದದ್ದು, 70ರ ಹತ್ತಿರ ಅಥವಾ 80ರ ಹತ್ತಿರ ಒಂದೆರಡು ಅಂಕಕ್ಕೆ ತಪ್ಪಿದ 4 ಕ್ರೆಡಿಟ್ ವಿಷಯವಿದ್ದರೆ ಅದನ್ನು ರಿವ್ಯಾಲ್ಯುಯೇಷನ್‌ಗೆ ಹಾಕುವುದು. ಮೆಟ್ಟಿಲಿನ ಮಧ್ಯದಲ್ಲಿರುವ ವಿಷಯಕ್ಕೆ ಹಾಕಿದರೆ ಮೂರ್ನಾಲ್ಕು ಅಂಕ ಏರಿದರೂ ಪಾಯಿಂಟ್ ಬದಲಾಗುವುದಿಲ್ಲ, ಶುಲ್ಕ ಮಾತ್ರ ಖರ್ಚು. ಅದಾದ ಮೇಲೆ ವಿನಾಯಿತಿ ಪೂರ್ತಿ ಹೋಗುತ್ತದೆಯೇ ಅಥವಾ ಅರ್ಧ ಉಳಿಯುವ ಹಂತಗಳಿವೆಯೇ, ಒಂದು ವರ್ಷ ತಪ್ಪಿದವರಿಗೆ ಮರುವರ್ಷ ಮತ್ತೆ ಸಿಗುತ್ತದೆಯೇ ಎಂದು ಪತ್ರ ಬರೆದು ಕೇಳಿ. ಮುಂದಿನ ವರ್ಷದ ಶುಲ್ಕ ಕಟ್ಟಬೇಕಾದ ದಿನಕ್ಕೆ ಸಮ ಸೆಮಿಸ್ಟರಿನ ಫಲಿತಾಂಶ ಬಂದಿರದಿದ್ದರೆ ತಾತ್ಕಾಲಿಕವಾಗಿ ಪೂರ್ತಿ ಕಟ್ಟಬೇಕೇ, ಕಟ್ಟಿದ್ದು ಆಮೇಲೆ ವಾಪಸ್ ಬರುತ್ತದೆಯೇ ಎನ್ನುವುದೂ ಅದೇ ಪತ್ರದಲ್ಲಿ ಇರಲಿ.